ಅನ್ನ, ಮೊಸರು, ಮೀನಿನ ತಲೆ: ಬೆಕ್ಕಿನ ಕಣ್ಣು ಯಾಕೆ ಹೋಗುತ್ತದೆ?

ಡಾಕ್ಟ್ರೇ, ನಮ್ಮ ಹೆಣ್ಣು ಬೆಕ್ಕಿಗೆ ಮೂರು ವರ್ಷ, ಮೂರೂವರೆ ಕೆಜಿ ಇದೆ. ಓಣಿಯಲ್ಲಿ ಇಲಿ ಪಾಷಾಣ ಇಡುತ್ತಾರೆಂದು ಎರಡು ವರ್ಷದಿಂದ ಹೊರಗೆ ಬಿಟ್ಟಿಲ್ಲ. ಬೆಳಿಗ್ಗೆ, ಸಂಜೆ ಅನ್ನ ಮೊಸರು. ಮೀನು ಮಾಡಿದ ದಿನ ತಲೆ, ಬಾಲ, ಮುಳ್ಳು. ಚೆನ್ನಾಗಿಯೇ ತಿನ್ನುತ್ತದೆ. ಈಗ ಒಂದು ತಿಂಗಳಿಂದ ಕಟ್ಟೆಗೆ ಜಿಗಿಯುವಾಗ ತಪ್ಪುತ್ತಿದೆ, ಬಿಸಿಲಲ್ಲೂ ಕಣ್ಣಿನ ಕಪ್ಪು ದೊಡ್ಡದಾಗೇ ಇರುತ್ತದೆ. ಮೆಡಿಕಲ್ ಶಾಪಿನವರು ಕಣ್ಣಿನ ಡ್ರಾಪ್ಸ್ ಕೊಟ್ಟಿದ್ದಾರೆ. ಇನ್ನೆಷ್ಟು ದಿನ ಹಾಕಬೇಕು? – ಗಂಗಾವತಿಯ ಓದುಗರು

ಇವತ್ತೇ ನಿಲ್ಲಿಸಿ. ತೊಂದರೆ ಕಣ್ಣಿನ ಮೇಲ್ಭಾಗದಲ್ಲಿಲ್ಲ, ಒಳಗಿನ ಪರದೆಯಲ್ಲಿದೆ ಅನ್ನುವುದು ನನ್ನ ಅನುಮಾನ. ಅಲ್ಲಿಗೆ ಯಾವ ಡ್ರಾಪ್ಸೂ ಕೆಲಸ ಮಾಡುವುದಿಲ್ಲ. ಹರಳೆಣ್ಣೆ ಬಿಡಿ, ಜೇನುತುಪ್ಪ ಹಚ್ಚಿ ಎನ್ನುವವರೂ ಬರುತ್ತಾರೆ. ಅವರನ್ನು ಬಾಗಿಲಿಂದಲೇ ಕಳಿಸಿಬಿಡಿ. ಈ ವಾರದೊಳಗೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕಣ್ಣಿನ ಒಳಪರದೆ ಮತ್ತು ಹೃದಯ ಎರಡನ್ನೂ ನೋಡಿಸಿ. ಹೃದಯ ಯಾಕೆ ಎಂದು ಮುಂದೆ ಹೇಳುತ್ತೇನೆ.

"ನಮ್ಮ ಅಜ್ಜಿಯ ಕಾಲದ ಬೆಕ್ಕು ಅನ್ನ ಮೊಸರಲ್ಲೇ ಹದಿನೈದು ವರ್ಷ ಬದುಕಿತ್ತು" ಎಂಬ ಮಾತು ನನ್ನ ಬಳಿ ಬರುವ ಹೆಚ್ಚುಕಮ್ಮಿ ಪ್ರತಿ ಮನೆಯವರ ಬಾಯಲ್ಲೂ ಇರುತ್ತದೆ. ಆ ಬೆಕ್ಕು ಅನ್ನದಿಂದ ಬದುಕಿರಲಿಲ್ಲ. ಭತ್ತದ ಚೀಲಗಳಿದ್ದ ಮನೆಯಲ್ಲಿ ರಾತ್ರಿಯೆಲ್ಲ ಇಲಿ ಹಿಡಿಯುತ್ತಿತ್ತು. ಒಂದು ಇಲಿಯಲ್ಲಿ ಮಾಂಸ, ಹೃದಯ, ಲಿವರ್, ಎಲುಬು ಎಲ್ಲವೂ ಬೆಕ್ಕಿಗೆ ಬೇಕಾದ ಅಳತೆಯಲ್ಲೇ ಇರುತ್ತವೆ. ಅಜ್ಜಿ ಹಾಕುತ್ತಿದ್ದ ಅನ್ನ ಅದರ ಮೇಲಿನ ತುತ್ತು ಮಾತ್ರ. ನೀವು ಬೆಕ್ಕನ್ನು ಒಳಗೆ ಇಟ್ಟುಕೊಂಡಿದ್ದು ಸರಿ. ಪಾಷಾಣ ತಿಂದ ಇಲಿಯನ್ನು ತಿಂದು ಸಾಯುವ ಬೆಕ್ಕುಗಳನ್ನೂ ನಾನು ನೋಡುತ್ತೇನೆ. ಆದರೆ ಇಲಿಯನ್ನು ತಪ್ಪಿಸಿದ ಮೇಲೆ ಅದು ಕೊಡುತ್ತಿದ್ದುದನ್ನು ತಟ್ಟೆಯಲ್ಲಿ ನೀವೇ ಹಾಕಬೇಕಾಗಿತ್ತು.

ಇಲ್ಲಿ ಮುಖ್ಯವಾಗಿ ತಪ್ಪಿಹೋಗಿರುವುದು ಟಾರಿನ್ ಎಂಬ ಒಂದು ಪದಾರ್ಥ. ನಮ್ಮ ದೇಹ ಇದನ್ನು ಬೇರೆ ಪ್ರೋಟೀನಿನಿಂದ ತಾನೇ ಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ ನಾಯಿಯ ದೇಹವೂ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಆ ಶಕ್ತಿ ತುಂಬಾ ಕಡಿಮೆ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬೆಕ್ಕಿನ ಪಿತ್ತರಸ ತಯಾರಾಗಬೇಕಾದರೆ ಟಾರಿನ್ ಬೇಕೇ ಬೇಕು, ಬೇರೆ ಯಾವುದರಿಂದಲೂ ಅದು ಸುಧಾರಿಸಿಕೊಳ್ಳುವುದಿಲ್ಲ. ಆ ಪಿತ್ತದ ಒಂದು ಪಾಲು ದಿನವೂ ಮಲದ ಜೊತೆ ಹೊರಗೆ ಹೋಗುತ್ತದೆ. ಹೀಗೆ ದಿನವೂ ಖರ್ಚಿದೆ, ಒಳಗೆ ಉತ್ಪತ್ತಿ ಇಲ್ಲ. ಬರುವುದಿದ್ದರೆ ತಿನ್ನುವ ಮಾಂಸದಿಂದಲೇ ಬರಬೇಕು.

ಅನ್ನದಲ್ಲಿ ಟಾರಿನ್ ಇಲ್ಲ. ಮೊಸರಿನಲ್ಲಿ ಇರುವುದು ಲೆಕ್ಕಕ್ಕೆ ಬಾರದಷ್ಟು. ಮೀನಿನಲ್ಲಿ ಇದೆಯಲ್ಲ ಎನ್ನುತ್ತೀರಿ. ನಿಜ, ಇದೆ. ಆದರೆ ಅದು ಇರುವುದು ಮಾಂಸದಲ್ಲಿ, ಮತ್ತು ಅದು ನೀರಿನಲ್ಲಿ ಕರಗುತ್ತದೆ. ಮೀನು ಬೇಯಿಸಿದಾಗ ಒಂದು ಪಾಲು ಸಾರಿಗೆ ಇಳಿಯುತ್ತದೆ. ತುಂಡನ್ನೂ ಸಾರನ್ನೂ ಮನೆಯವರು ಉಣ್ಣುತ್ತಾರೆ. ಬೆಕ್ಕಿಗೆ ಸಿಗುವುದು ಬೆಂದ ಮುಳ್ಳು, ರೆಕ್ಕೆ, ಬಾಲ, ತಲೆಗೆ ಅಂಟಿದ ಸ್ವಲ್ಪ ಮಾಂಸ. ಅದೂ ವಾರಕ್ಕೆ ಎಷ್ಟು ದಿನ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ ಮೀನು ಮಾಡುವುದಿಲ್ಲ. ಶ್ರಾವಣ ಬಂದರೆ ಒಂದು ತಿಂಗಳು ಪೂರ್ತಿ ಬಂದ್. ಆ ತಿಂಗಳು ಮನೆಯವರ ಜೊತೆ ಬೆಕ್ಕೂ ಶ್ರಾವಣ ಮಾಡುತ್ತದೆ, ಆದರೆ ಅದರ ಪಿತ್ತದ ಖರ್ಚು ನಿಲ್ಲುವುದಿಲ್ಲ.

ಟಾರಿನ್ ಕಡಿಮೆಯಾದರೆ ಬೆಕ್ಕಿನ ಕಣ್ಣಿನ ಒಳಪರದೆ ನಡುಭಾಗದಿಂದ ಸಾಯುತ್ತಾ ಬರುತ್ತದೆ ಎಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. 1987ರಲ್ಲಿ ಇನ್ನೊಂದು ತಂಡ, ಇದೇ ಕೊರತೆಯಿಂದ ಹೃದಯದ ಸ್ನಾಯು ಸೋತು ಹೃದಯ ಬಲೂನಿನಂತೆ ಹಿಗ್ಗುತ್ತದೆ ಎಂದು ಕಂಡುಹಿಡಿಯಿತು. ಅದಾದ ಮೇಲೆ ಪ್ಯಾಕೆಟ್ ಆಹಾರ ಮಾಡುವ ಕಂಪನಿಗಳು ಟಾರಿನ್ ಹೆಚ್ಚಿಸಿದವು, ಆ ಹೃದಯದ ಕಾಯಿಲೆ ಅಲ್ಲಿ ಅಪರೂಪವಾಯಿತು. ಅನ್ನ ಮೊಸರಿನ ಬೆಕ್ಕುಗಳಿಗೆ ಅದು ಈಗಲೂ ಬರಬಹುದು.

ಇದು ಒಂದು ವಾರದಲ್ಲಿ ಆಗುವುದಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಯವರಿಗೆ ಗೊತ್ತಾಗದಿರುವುದೂ ಅದಕ್ಕೇ. ಬೆಕ್ಕು ಮೀಸೆಯಿಂದ, ವಾಸನೆಯಿಂದ, ನೆನಪಿನಿಂದ ಮನೆಯಲ್ಲಿ ಓಡಾಡುತ್ತದೆ. ಅನುಮಾನ ಇದ್ದರೆ ಅದು ದಿನವೂ ನಡೆಯುವ ದಾರಿಯಲ್ಲಿ ಒಂದು ಸ್ಟೂಲ್ ಇಟ್ಟು ನೋಡಿ. ಡಿಕ್ಕಿ ಹೊಡೆದರೆ ದೃಷ್ಟಿ ಈಗಾಗಲೇ ಬಹಳ ಹೋಗಿದೆ ಎಂದರ್ಥ. ರಕ್ತದೊತ್ತಡ ಹೆಚ್ಚಾದರೂ ಬೆಕ್ಕಿನ ಕಣ್ಣಿನ ಕಪ್ಪು ಹೀಗೇ ಹಿಗ್ಗಿರುತ್ತದೆ. ಹಾಗಾಗಿ ನನ್ನ ಮಾತು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ.

ಹೃದಯದ ವಿಷಯಕ್ಕೆ ಒಂದು ಕೆಲಸ ಮನೆಯಲ್ಲೇ ಮಾಡಬಹುದು. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಎದೆ ಎಷ್ಟು ಸಲ ಏರಿಳಿಯುತ್ತದೆ ಎಂದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ದಿನವೂ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ತಡ ಮಾಡಬೇಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ಅಥವಾ ಹಿಂಗಾಲು ಇದ್ದಕ್ಕಿದ್ದಂತೆ ಸೋತು ತಣ್ಣಗಾದರೆ ಅದೇ ಗಳಿಗೆಯಲ್ಲಿ ಹೊರಡಿ. ಹಿಂಗಾಲಿಗೆ ಬಿಸಿ ಶಾಖ ಕೊಡುತ್ತಾ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದು ವಾಯು ಅಲ್ಲ, ಹೃದಯದಿಂದ ಹೊರಟ ರಕ್ತದ ಹೆಪ್ಪು ಕಾಲಿನ ನಾಳಕ್ಕೆ ಸಿಕ್ಕಿಕೊಂಡಿರುತ್ತದೆ.

ನಿಮ್ಮ ಬೆಕ್ಕಿನ ತಟ್ಟೆಯ ಲೆಕ್ಕ ಹಾಕೋಣ. ಅದರ ತೂಕಕ್ಕೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಎರಡೂ ಹೊತ್ತು ಸೇರಿ 100 ಗ್ರಾಂ ಅನ್ನ, 100 ಗ್ರಾಂ ಮೊಸರು ಎಂದುಕೊಳ್ಳಿ. ಕ್ಯಾಲೊರಿ ಹತ್ತಿರ ಹತ್ತಿರ 190 ಆಗುತ್ತದೆ, ಹೊಟ್ಟೆ ತುಂಬುತ್ತದೆ. ಪ್ರೋಟೀನ್ ಮಾತ್ರ ಆರು ಗ್ರಾಂ ಚಿಲ್ಲರೆ. ಬೇಕಾಗಿರುವುದು ಕನಿಷ್ಠ 13 ಗ್ರಾಂ. ಅಂದರೆ ಅರ್ಧವೂ ಇಲ್ಲ. ಹೊಟ್ಟೆ ದುಂಡಗಿರುತ್ತದೆ, ಚೆನ್ನಾಗಿಯೇ ತಿನ್ನುತ್ತದೆ ಎನ್ನುತ್ತೀರಿ. ಬೆನ್ನಿನ ಮೇಲೆ ಕೈಯಾಡಿಸಿ ನೋಡಿ. ಬೆನ್ನೆಲುಬಿನ ಎರಡೂ ಬದಿ ಮಾಂಸ ಕರಗಿ, ಎಲುಬಿನ ಗಂಟುಗಳು ಕೈಗೆ ಚುಚ್ಚುತ್ತಿರಬಹುದು. ವಿಟಮಿನ್ ಎ ಕೂಡ ಹೀಗೇ. ಕ್ಯಾರೆಟ್, ಸೊಪ್ಪಿನಿಂದ ನಾವು ಮಾಡಿಕೊಳ್ಳುವಂತೆ ಬೆಕ್ಕು ಮಾಡಿಕೊಳ್ಳಲಾರದು. ಅನ್ನಕ್ಕೆ ಕ್ಯಾರೆಟ್ ತುರಿದು ಹಾಕಿ ಸಮಾಧಾನಪಡಬೇಡಿ.

ಈಗ ಮಾಡಬೇಕಾದ್ದು. ಬೆಕ್ಕಿನದೇ ಪ್ಯಾಕೆಟ್ ಆಹಾರ ತನ್ನಿ. ಲೇಬಲ್ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿರಬೇಕು, ಪದಾರ್ಥಗಳ ಪಟ್ಟಿಯಲ್ಲಿ ಟಾರಿನ್ ಹೆಸರಿರಬೇಕು. ಚೀಲ ಬಿಚ್ಚಿ ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳಬೇಡಿ. ಅದು ಬೆಕ್ಕಿನದೋ ನಾಯಿಯದೋ ಎಂದು ಓದಿಕೊಳ್ಳಲು ಲೇಬಲ್ಲೇ ಇರುವುದಿಲ್ಲ. ಒಣ ಆಹಾರವಾದರೆ ನಿಮ್ಮ ಬೆಕ್ಕಿಗೆ ದಿನಕ್ಕೆ 45ರಿಂದ 50 ಗ್ರಾಂ ಸಾಕು, ಪಕ್ಕದಲ್ಲಿ ಸದಾ ನೀರಿರಲಿ. ಅನ್ನ ಮೊಸರು ಬೇಕೆಂದು ಹಟ ಮಾಡಿದರೆ ಒಂದು ಚಮಚ ಕೊಡಿ, ಅದು ವಿಷವೇನಲ್ಲ.

ಬದಲಾವಣೆ ಒಂದೇ ದಿನದಲ್ಲಿ ಬೇಡ. ಮೊದಲ ದಿನ ಮೊಸರನ್ನದಲ್ಲಿ ನಾಲ್ಕಾರು ಕಾಳು ಪುಡಿ ಮಾಡಿ ಕಲಸಿ. ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. "ಹಸಿದರೆ ತಾನೇ ತಿನ್ನುತ್ತದೆ" ಎಂದು ಉಪವಾಸ ಕೆಡವಬೇಡಿ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕು ತಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಲಿವರ್ ಕೈಕೊಡುತ್ತದೆ, ಬೆಕ್ಕು ಸಾಯಲೂಬಹುದು.

ಈ ಹತ್ತು ದಿನದ ಮಟ್ಟಿಗೆ ಕೋಳಿ ಅಂಗಡಿಯಿಂದ ಕೋಳಿಯ ಹಾರ್ಟ್ ಮತ್ತು ಕಾಲಿನ ಮಾಂಸ ತನ್ನಿ. ಎದೆಮಾಂಸಕ್ಕಿಂತ ಕಾಲಿನ ಕಪ್ಪು ಮಾಂಸದಲ್ಲಿ ಟಾರಿನ್ ಎಷ್ಟೋ ಪಟ್ಟು ಜಾಸ್ತಿ, ಹಾರ್ಟ್‌ನಲ್ಲೂ ಚೆನ್ನಾಗಿದೆ. ಉಪ್ಪು, ಖಾರ, ಅರಿಶಿನ ಯಾವುದೂ ಬೇಡ. ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲದೆ ಕೊಡಿ. ಕರಗಿದ ಟಾರಿನ್ ಇರುವುದು ಅದರಲ್ಲೇ. ಹಾಗಂತ ಇದನ್ನೇ ಶಾಶ್ವತ ಊಟ ಮಾಡಬೇಡಿ, ಇದರಲ್ಲಿ ಕ್ಯಾಲ್ಸಿಯಂ ಇಲ್ಲ. ಲಿವರ್ ವಾರಕ್ಕೊಮ್ಮೆ ಹೆಬ್ಬೆರಳ ತುದಿಯಷ್ಟು ಸಾಕು. ದಿನವೂ ಕೊಟ್ಟರೆ ವಿಟಮಿನ್ ಎ ವಿಪರೀತವಾಗಿ ಕತ್ತಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಪರೀಕ್ಷೆಯಲ್ಲಿ ಕೊರತೆ ಎಂದು ಕಂಡರೆ ವೈದ್ಯರು ಟಾರಿನ್ ಪುಡಿ ಬರೆದುಕೊಡುತ್ತಾರೆ. ಸಾಮಾನ್ಯವಾಗಿ 250 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಎನರ್ಜಿ ಡ್ರಿಂಕ್‌ನಲ್ಲಿ ಟಾರಿನ್ ಇದೆ ಎಂದು ಅದನ್ನು ಕುಡಿಸಿಬಿಡಬೇಡಿ, ಅದರಲ್ಲಿರುವ ಕೆಫೀನ್ ಬೆಕ್ಕಿಗೆ ವಿಷ. ಹೃದಯ ಸೋತಿದ್ದರೆ ಮೊದಲ ಎರಡು ಮೂರು ವಾರ ಅಪಾಯದ ಕಾಲ. ಅದನ್ನು ದಾಟಿದ ಬೆಕ್ಕುಗಳ ಹೃದಯ ಕೆಲವು ತಿಂಗಳಲ್ಲಿ ಬಹಳ ಮಟ್ಟಿಗೆ ಸುಧಾರಿಸುತ್ತದೆ. ಕಣ್ಣಿನ ವಿಷಯದಲ್ಲಿ ಆ ಭರವಸೆ ಕೊಡಲಾರೆ. ಸತ್ತ ಪರದೆ ಮತ್ತೆ ಬೆಳೆಯುವುದಿಲ್ಲ. ಉಳಿದಿರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಅದಕ್ಕೇ ಈ ವಾರದೊಳಗೆ ಎಂದೆ.

ಬೇಯಿಸಿದರೆ ಸತ್ವ ಹೋಗುವುದಾದರೆ ಹಸಿ ಮೀನೇ ಹಾಕಬಹುದಲ್ಲ? – ಮುನಿರಾಬಾದ್

ಬೇಡ. ಡ್ಯಾಮಿನಲ್ಲಿ ಸಿಗುವ ಗೆಂಡೆ ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ಅನ್ನು ಒಡೆದು ಹಾಕುವ ಕಿಣ್ವ ಇರುತ್ತದೆ. ದಿನವೂ ಕೊಟ್ಟರೆ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ತೂರಾಡುತ್ತದೆ, ಗದ್ದ ಎದೆಗೆ ತಾಗುವಂತೆ ತಲೆ ಬಾಗಿಸಿಕೊಂಡು ಕೂರುತ್ತದೆ, ಕೊನೆಗೆ ಫಿಟ್ಸ್. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ತಲೆ ಬಾಗಿಸಿದ ಬೆಕ್ಕಿಗೆ ದೃಷ್ಟಿ ತೆಗೆಸುತ್ತಾ ಕೂರಬೇಡಿ. ಬೇಗ ಬಿ1 ಇಂಜೆಕ್ಷನ್ ಸಿಕ್ಕರೆ ಒಂದೆರಡು ದಿನದಲ್ಲೇ ಚೇತರಿಕೆ ಕಾಣುತ್ತದೆ.

ನಮ್ಮದು ಸಸ್ಯಾಹಾರಿ ಮನೆ. ಪನೀರ್, ಹಾಲು ಕೊಟ್ಟರೆ ಸಾಲದೇ? – ರಾಯಚೂರು

ಸಾಲದು. ಪ್ಯಾಕೆಟ್ ಆಹಾರ ಮನೆಗೆ ತರಲು ಒಪ್ಪದಿದ್ದರೆ ಬೆಕ್ಕು ಸಾಕಬೇಡಿ.

ನಾಯಿಯ ಆಹಾರ ಮನೆಯಲ್ಲಿದೆ, ಅದನ್ನೇ ಹಾಕಲೇ? – ಬಳ್ಳಾರಿ

ಇಲ್ಲ. ನಾಯಿಗೆ ಬೇಕಾದ ಲೆಕ್ಕದಲ್ಲಿ ಮಾಡಿದ್ದು ಅದು, ಟಾರಿನ್ ಇದ್ದೇ ಇರುತ್ತದೆ ಎನ್ನುವಂತಿಲ್ಲ.

ಮೀನು ಸಾರಿನಲ್ಲಿ ಅನ್ನ ಕಲಸಿ ಹಾಕುತ್ತೇವೆ, ಸಾರಿನಲ್ಲಿ ಸತ್ವ ಇರುತ್ತದಲ್ವಾ? – ಕೊಪ್ಪಳ

ನಿಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತದೆ. ಎರಡೂ ಬೆಕ್ಕಿನ ರಕ್ತಕಣ ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಒಸಡು ಬಿಳಿಚಿಕೊಂಡಿದ್ದರೆ, ಮೂತ್ರ ಕೆಂಪಾಗಿದ್ದರೆ ಇವತ್ತೇ ಆಸ್ಪತ್ರೆಗೆ ತನ್ನಿ. ಇನ್ನು ಮುಂದೆ ಮಸಾಲೆ ಬೀಳುವ ಮೊದಲೇ ಬೆಕ್ಕಿನ ತುಂಡನ್ನು ಬೇರೆ ತೆಗೆದು, ಮುಳ್ಳು ಬಿಡಿಸಿ ಬೇಯಿಸಿ.