ಟ್ಯೂಷನ್ ದುಡ್ಡು, ಚಿಕ್ಕಮ್ಮನ ಪಾಲಿಸಿ

ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಒಂದೆರಡು ವಿವರ ಕೂಡ. ಶ್ರುತಿ ಅನ್ನೋಣ. ಕುಂಬಳೆ ಕಡೆಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ಸಂಜೆ ಮನೆಯ ಜಗಲಿಯಲ್ಲಿ ಕನ್ನಡ ಮೀಡಿಯಂ ಶಾಲೆಯ ಒಂಬತ್ತು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ತಲೆಗೆ 500 ರೂಪಾಯಿ, ಅಂದರೆ ತಿಂಗಳಿಗೆ 4,500.

ಜೂನ್‌ನಲ್ಲಿ ಬಂದವಳು ಕೇಳಿದ್ದು ಇಷ್ಟೇ: "ಮೇಡಂ, ತಿಂಗಳಿಗೆ 2,000 ಉಳಿಸ್ತಿದ್ದೇನೆ. ಆದ್ರೂ ಯಾಕೋ ಭಯ ಆಗ್ತದೆ."

ಉಳಿತಾಯ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದೆ. ವಿಮೆ ಪಾಲಿಸಿಗೆ. ಚಿಕ್ಕಮ್ಮ ಏಜೆಂಟ್, "ಕೆಲಸ ಸಿಗೋ ಮೊದಲೇ ಶುರು ಮಾಡು ಮಗಾ, ಮದುವೆ ಹೊತ್ತಿಗೆ ಒಳ್ಳೆ ಮೊತ್ತ ಕೈಗೆ ಬರ್ತದೆ" ಎಂದಿದ್ದರು. ತಿಂಗಳಿಗೆ 2,000ದಂತೆ ಹದಿನಾರು ವರ್ಷ. ಶುರುವಿಗೆ ಎರಡು ಕಂತು ಸೇರಿಸಿ 4,000 ಕಟ್ಟಿಯೂ ಆಗಿತ್ತು.

ಖರ್ಚು ಬರೆಸಿದೆ. ಬಸ್ಸು, ರೀಚಾರ್ಜ್, ಕ್ಯಾಂಟೀನ್ ಸೇರಿ 1,500, ಅಮ್ಮನ ಕೈಗೆ 1,000. ಉಳಿಯುವುದು ಸರಿಯಾಗಿ 2,000. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ, ಟ್ಯೂಷನ್ ಇಲ್ಲ. ಪಾಲಿಸಿಗೆ ರಜೆ ಇಲ್ಲವಲ್ಲ. ತಿಂಗಳ ಕಂತಿನ ಪಾಲಿಸಿಯಲ್ಲಿ ತಡವಾದರೆ ಸಿಗುವ ರಿಯಾಯ್ತಿ 15 ದಿನ ಮಾತ್ರ, ಆಮೇಲೆ ಪಾಲಿಸಿ ಲ್ಯಾಪ್ಸ್. ಮೊದಲ ವರ್ಷದ ಪ್ರೀಮಿಯಂ ಪೂರ್ತಿ ಕಟ್ಟುವ ಮೊದಲೇ ನಿಂತರೆ ಕಟ್ಟಿದ ದುಡ್ಡು ಸಾಮಾನ್ಯವಾಗಿ ಹೋದ ಹಾಗೆಯೇ. ಅವಳ ಭಯ ಸುಮ್ನೆ ಹುಟ್ಟಿದ್ದಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ: ನಿನ್ನ ಸಂಪಾದನೆ ನಂಬಿಕೊಂಡು ಮನೆ ನಡೆಯುತ್ತದಾ? ಇಲ್ಲ. ಹಾಗಾದರೆ ಈಗ ಜೀವ ವಿಮೆಯ ಅವಸರ ಇಲ್ಲ. ಅವಳಿಗೆ ನಿಜವಾಗಿ ದುಡ್ಡು ಬೇಕಾಗುವುದು ಕೋರ್ಸ್ ಮುಗಿದು ಮೊದಲ ಸಂಬಳ ಕೈಗೆ ಬರುವ ತನಕ. ಮಂಗಳೂರಲ್ಲಿ ಕೆಲಸ ಸಿಕ್ಕರೆ ರೈಲಿನ ಸೀಸನ್ ಟಿಕೆಟ್‌ನಲ್ಲಿ ಹೇಗೋ ನಡೆಯುತ್ತದೆ. ಬೆಂಗಳೂರಾದರೆ ಪಿಜಿ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ, ಓಡಾಟ, ಎಲ್ಲ ಸೇರಿ 20,000 ಹತ್ತಿರ ಬೇಕು. ತಿಂಗಳ ಕೊನೆಗೆ ಸೇರಿದರೆ ಎಷ್ಟೋ ಕಂಪನಿಗಳು ಆ ನಾಲ್ಕು ದಿನದ ಸಂಬಳವನ್ನೂ ಮುಂದಿನ ತಿಂಗಳಿಗೇ ಸೇರಿಸಿ ಕೊಡುತ್ತವೆ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ.

ಆಮೇಲೆ ಪಾಲಿಸಿ ಯಾವಾಗ ಕೈಗೆ ಬಂತು ಎಂದು ನೋಡಿದೆವು. ಬಾಂಡ್ ಪೋಸ್ಟ್‌ನಲ್ಲಿ ಬಂದು ವಾರವಾಗಿತ್ತು, ಆದರೆ ಇಮೇಲ್ ಹುಡುಕಿದರೆ ಅದರ ಪ್ರತಿ ಅದಕ್ಕೂ ಹತ್ತು ದಿನ ಮೊದಲೇ ಬಂದು ಕೂತಿತ್ತು. ಪಾಲಿಸಿ ಸಿಕ್ಕಿದ 30 ದಿನದೊಳಗೆ ಬೇಡ ಎಂದು ಹಿಂತಿರುಗಿಸಬಹುದು, ಇದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಇಮೇಲ್ ದಿನದಿಂದಲೇ ಎಣಿಸು ಎಂದೆ, ಆಮೇಲೆ ಕಂಪನಿ ಜೊತೆ ವಾದ ಬೇಡ. ಪತ್ರ, ಬಾಂಡ್, ಪಾಸ್‌ಬುಕ್ ಪ್ರತಿ ಹಿಡಿದು ಶಾಖೆಗೆ ಹೋಗಿ, ತಾರೀಕು ಇರುವ ಸೀಲ್ ಹಾಕಿಸಿಕೊಂಡೇ ಬರಬೇಕು. ಬಾಯಿಮಾತಲ್ಲಿ ಹೇಳಿದರೆ ಆಗುವುದಿಲ್ಲ, ಏಜೆಂಟ್ ಕೈಗೆ ಕೊಟ್ಟರೂ ಸಾಲದು. ಬ್ಯಾಂಕಲ್ಲಿ ಆಟೋ ಡೆಬಿಟ್ ಬೇರೆಯಾಗಿಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಮುಂದಿನ ಕಂತೂ ಕಡಿತವಾಗಿ ಅದಕ್ಕಾಗಿ ಅಲೆಯಬೇಕಾಗುತ್ತದೆ.

ಕಷ್ಟ ಇದ್ದದ್ದು ಚಿಕ್ಕಮ್ಮನ ವಿಷಯದಲ್ಲಿ. "ಅವರಿಗೆ ಗೊತ್ತಾಗದ ಹಾಗೆ ಮಾಡಬಹುದಾ?" ಎಂದಳು. ಬೇಡ, ಕಂಪನಿಯಿಂದ ಹೇಗೂ ತಿಳಿಯುತ್ತದೆ, ನೀನೇ ಮೊದಲು ಹೇಳು ಎಂದೆ. ಪಾಲಿಸಿ ಕೆಟ್ಟದ್ದು ಅನ್ನಬೇಡ, ಏಪ್ರಿಲ್, ಮೇ ಲೆಕ್ಕ ಮಾತ್ರ ತೋರಿಸು. ಹಾಗೇ ಮಾಡಿದಳು. ಚಿಕ್ಕಮ್ಮ ಸ್ವಲ್ಪ ದಿನ ಮುಖ ಊದಿಸಿಕೊಂಡರಂತೆ. ಅವರಿಗೆ ಕಮಿಷನ್ ಹೋಯಿತು, ಬೇಸರ ಸಹಜ ಅಲ್ವಾ. ವಿಮೆ ಇದ್ದ ದಿನಗಳ ಪಾಲು, ಸ್ಟಾಂಪ್ ಡ್ಯೂಟಿ ಕಳೆದು 3,800ರಷ್ಟು ವಾಪಸ್ ಬಂತು.

ಹೊಸ ಏರ್ಪಾಡು ಹೀಗೆ. 2,000ದಲ್ಲಿ 1,000ಕ್ಕೆ ಬ್ಯಾಂಕಲ್ಲಿ ಹತ್ತು ತಿಂಗಳ ಆರ್‌ಡಿ, ಜೂನ್‌ನಿಂದ ಮಾರ್ಚ್ ತನಕ, ಏಪ್ರಿಲ್‌ಗೆ ಕೈಗೆ ಬರುತ್ತದೆ. ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು, ಮೂರು ವರ್ಷ ಆಗುವ ಮೊದಲು ಮುಚ್ಚಲು ಬಿಡುವುದಿಲ್ಲ, ಇವಳಿಗೆ ಹೊಂದುವುದಿಲ್ಲ. ಕಂತಿನ ತಾರೀಕು 12 ಇಡಿಸಿದೆ, ಯಾಕೆಂದರೆ ಎರಡು ಮೂರು ಮನೆಯವರು ಫೀಸು ಕೊಡುವುದು ಹತ್ತನೇ ತಾರೀಕಿಗೇ. ಇನ್ನೊಂದು 1,000 ಬೇರೆ ಉಳಿತಾಯ ಖಾತೆಗೆ, ಆ ಖಾತೆಯನ್ನು ಗೂಗಲ್ ಪೇಗೆ ಜೋಡಿಸಬಾರದು. ರಜೆಯ ಎರಡು ತಿಂಗಳ ಖರ್ಚಿನ 3,000 ಅದರಿಂದಲೇ. ಮಕ್ಕಳು ಕಡಿಮೆಯಾದ ತಿಂಗಳು ಮೊದಲು ನಿಲ್ಲುವುದೂ ಇದೇ, ಆರ್‌ಡಿ ಅಲ್ಲ.

ಆರ್‌ಡಿ ಬಡ್ಡಿ ಶೇ. 6.5 ಎಂದರೂ ಹತ್ತು ತಿಂಗಳಿಗೆ 300 ರೂಪಾಯಿ ಆಸುಪಾಸು. "ಇಷ್ಟೇನಾ?" ಎಂದು ಅವಳಿಗೆ ನಿರಾಸೆಯಾಯಿತು. ಇಷ್ಟೇ. ಒಂದು ವರ್ಷದ ದುಡ್ಡಿಗೆ ಬಡ್ಡಿ ಮುಖ್ಯ ಅಲ್ಲ, ಬೇಕಾದ ತಿಂಗಳಲ್ಲಿ ಸಿಗಬೇಕು. ವಾಪಸ್ ಬಂದ 3,800 ಸೇರಿ ರಜೆ ಮುಗಿಯುವಾಗ ಕೈಯಲ್ಲಿ 21,000 ಇರುತ್ತದೆ.

ಅಮ್ಮನಿಗೆ ಕೊಡುವ 1,000 ನಿಲ್ಲಿಸಲಾ ಎಂದೂ ಕೇಳಿದಳು. ಅದನ್ನು ಅಮ್ಮನ ಹತ್ತಿರವೇ ಕೂತು ಮಾತಾಡು ಎಂದಿದ್ದೇನೆ, ಆ ದುಡ್ಡು ಮನೆಯಲ್ಲಿ ಯಾವುದಕ್ಕೆ ಹೋಗುತ್ತದೆ ಅನ್ನುವುದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ.