ಸಂಪಾದಕರ ಉತ್ತರ: ನಿವೃತ್ತರಾಗುವ ಪಾಲುದಾರರಿಗೆ ಸಲ್ಲಬೇಕಾದ ಮೊತ್ತ

*ಮಾನ್ಯ ಸಂಪಾದಕರೇ, ಮೂವರು ಪಾಲುದಾರರು 5:3:2ರ ಅನುಪಾತದಲ್ಲಿ ಲಾಭ ಹಂಚಿಕೊಳ್ಳುವ ಸಂಸ್ಥೆಯಲ್ಲಿ ನನ್ನದು ಮೂರರ ಪಾಲು. ಈ ಲೆಕ್ಕದ ವರ್ಷದ ಕೊನೆಗೆ ನಿವೃತ್ತನಾಗುತ್ತಿದ್ದೇನೆ. ಪುಸ್ತಕದಲ್ಲಿ ನನ್ನ ಬಂಡವಾಳ 6,00,000 ಇದೆ. ಅಷ್ಟನ್ನೇ ಕೊಡುತ್ತೇವೆ ಎಂದು ಉಳಿದಿಬ್ಬರು ಹೇಳುತ್ತಾರೆ. ಕಟ್ಟಡವನ್ನು ಮಾರಿಲ್ಲ, ಹಾಗಾಗಿ ಏರಿದ ಬೆಲೆಯಲ್ಲಿ ಪಾಲಿಲ್ಲವಂತೆ. ಗುಡ್‌ವಿಲ್ ಈಗಾಗಲೇ 50,000ಕ್ಕೆ ಪುಸ್ತಕದಲ್ಲಿ ಇದೆಯಂತೆ. ಮುಂದೆ ಅವರಿಬ್ಬರೂ 3:2ರಂತೆ ಲಾಭ ಹಂಚಿಕೊಳ್ಳಲಿದ್ದಾರೆ. ಲೆಕ್ಕಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ನನಗೆ ಬರಬೇಕಾದದ್ದು ಎಷ್ಟು? — ಓದುಗರೊಬ್ಬರು*

ಮಾನ್ಯರೇ,

ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ನೀವು ಕಳಿಸಿರುವ ಅಂಕಿಗಳ ಪ್ರಕಾರ ನಿಮಗೆ ಸಲ್ಲಬೇಕಾದದ್ದು 8,01,000. ಪುಸ್ತಕದ ಬಂಡವಾಳಕ್ಕೂ ಈ ಮೊತ್ತಕ್ಕೂ ನಡುವೆ ಇರುವ ಅಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರಿಸುತ್ತೇನೆ, ಏಕೆಂದರೆ ಮೊತ್ತಕ್ಕಿಂತ ಅದರ ಕಾರಣಗಳೇ ನಿಮ್ಮ ಮಾತುಕತೆಯಲ್ಲಿ ಹೆಚ್ಚು ಬಳಕೆಗೆ ಬರುತ್ತವೆ.

ಮೊದಲು ಆಸ್ತಿಗಳ ವಿಚಾರ. ಕಟ್ಟಡದ ಬೆಲೆ 5,00,000ದಿಂದ 7,00,000ಕ್ಕೆ ಏರಿದೆ ಎಂದು ಮೂವರೂ ಒಪ್ಪಿದ್ದೀರಿ. ಆ ಏರಿಕೆ ನೀವು ಪಾಲುದಾರರಾಗಿದ್ದ ಕಾಲದಲ್ಲಿ ಆದದ್ದು. ಈಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಮುಂದೊಂದು ದಿನ ಕಟ್ಟಡ ಮಾರಿದಾಗ ಬರುವ ಲಾಭವೆಲ್ಲ ಉಳಿದಿಬ್ಬರಿಗೇ ಹೋಗುತ್ತದೆ. ಮಾರಾಟ ಆಗಿಲ್ಲ ಎಂಬ ವಾದ ಸಂಸ್ಥೆಯಲ್ಲಿ ಮುಂದುವರಿಯುವವರ ನಡುವೆ ಸರಿಯಿರಬಹುದು; ಹೊರಗೆ ಹೋಗುವವರಿಗೆ ಅದನ್ನು ಅನ್ವಯಿಸಲಾಗದು. ಆದರೆ ಇದೇ ನ್ಯಾಯ ನಷ್ಟಗಳಿಗೂ ಸಲ್ಲುತ್ತದೆ. ಯಂತ್ರಗಳ ಬೆಲೆಯಲ್ಲಿ 30,000 ಇಳಿಸಬೇಕು, ಬಾಕಿದಾರರ 2,00,000ದ ಮೇಲೆ ಶೇ. 5ರಂತೆ 10,000ವನ್ನು ಬಾರದ ಸಾಲಕ್ಕಾಗಿ ಕಾದಿರಿಸಬೇಕು, ಜೊತೆಗೆ ಪುಸ್ತಕಕ್ಕೆ ಇನ್ನೂ ಏರದ 20,000ದ ದುರಸ್ತಿ ಬಿಲ್ಲನ್ನು ಹೊಣೆಯಾಗಿ ಸೇರಿಸಬೇಕು. ಕಡೆಯ ಬಿಲ್ಲನ್ನು ನಿಮ್ಮ ಪಟ್ಟಿಯಲ್ಲಿ ನೀವು ಬಿಟ್ಟಿದ್ದೀರಿ. ನಿಮಗೆ ಅನುಕೂಲವಾದ ಏರಿಕೆಯನ್ನು ಮಾತ್ರ ಹಿಡಿದರೆ ಎದುರಿನವರಿಗೆ ಒಳ್ಳೆಯ ಆಕ್ಷೇಪಣೆಯೊಂದನ್ನು ಒದಗಿಸಿದಂತಾಗುತ್ತದೆ. ಇವೆಲ್ಲವನ್ನೂ ಪುನರ್ಮೌಲ್ಯಮಾಪನ ಖಾತೆಗೆ ಒಯ್ದಾಗ ಉಳಿಯುವ ಲಾಭ 1,40,000. ಅದು ಮೂವರಿಗೂ ಹಳೆಯ ಅನುಪಾತದಲ್ಲಿಯೇ ಹಂಚಿಕೆಯಾಗುವುದರಿಂದ ನಿಮ್ಮ ಭಾಗಕ್ಕೆ 42,000 ಬರುತ್ತದೆ. ಸಾಮಾನ್ಯ ಮೀಸಲಾಗಿ ಉಳಿಸಿರುವ 1,00,000ವೂ ಹಂಚದೆ ಇಟ್ಟ ಹಳೆಯ ಲಾಭವೇ ಆದ್ದರಿಂದ ಅದರಲ್ಲಿ ನಿಮಗೆ 30,000 ಸೇರಬೇಕು.

ಗುಡ್‌ವಿಲ್ ಲೆಕ್ಕ ಇಷ್ಟು ಸರಳವಲ್ಲ. ಪಠ್ಯಪುಸ್ತಕದ ಸಮಸ್ಯೆಗಳಲ್ಲಿ ಅದರ ಮೌಲ್ಯವನ್ನು ಮೊದಲೇ ಕೊಟ್ಟಿರುತ್ತಾರೆ; ನಿಜ ವ್ಯವಹಾರದಲ್ಲಿ ಜಗಳ ಆರಂಭವಾಗುವುದೇ ಅಲ್ಲಿ. ಕಳೆದ ನಾಲ್ಕು ವರ್ಷಗಳ ಸರಾಸರಿ ಲಾಭದ ಎರಡು ಪಟ್ಟು ಎಂದು ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಬರೆದುಕೊಂಡಿದ್ದೀರಿ. ಲಾಭಗಳು ಕ್ರಮವಾಗಿ 2,10,000, 2,40,000, 2,00,000 ಮತ್ತು 2,70,000. ಮೂರನೆಯ ವರ್ಷದ ಅಂಕಿ ಬೆಂಕಿ ಅನಾಹುತದಿಂದಾದ 40,000ದ ನಷ್ಟವನ್ನು ಕಳೆದ ಮೇಲಿನದು. ಗುಡ್‌ವಿಲ್ ಎಂಬುದು ಮುಂದೆಯೂ ಬರುವ ನಿರೀಕ್ಷೆಯಿರುವ ಲಾಭದ ಬೆಲೆ. ಪ್ರತಿ ವರ್ಷ ಬೆಂಕಿ ಬೀಳುವುದಿಲ್ಲವಾದ್ದರಿಂದ ಆ ನಷ್ಟವನ್ನು ಮತ್ತೆ ಕೂಡಿಸಿಕೊಳ್ಳಬೇಕು. ಆಗ ಸರಾಸರಿ 2,40,000 ಆಗಿ ಗುಡ್‌ವಿಲ್ 4,80,000 ಆಗುತ್ತದೆ, ನಿಮ್ಮ ಪಾಲು 1,44,000. ಈ ತಿದ್ದುಪಡಿ ಇಲ್ಲದೆ ಲೆಕ್ಕ ಹಾಕಿದ್ದರೆ ನಿಮ್ಮ ಪಾಲಿನಲ್ಲಿ 6,000 ಕಡಿಮೆಯಾಗುತ್ತಿತ್ತು. ಹಾಗೆಂದು ಎಲ್ಲ ತಿದ್ದುಪಡಿಗಳೂ ನಿಮ್ಮ ಪರವಾಗಿಯೇ ಇರುತ್ತವೆ ಎಂದು ಭಾವಿಸಬೇಡಿ: ಯಾವುದೋ ವರ್ಷದ ಲಾಭದಲ್ಲಿ ಹಳೆಯ ಯಂತ್ರ ಮಾರಿ ಬಂದ ಗಳಿಕೆ ಸೇರಿದ್ದರೆ ಅದನ್ನು ಕಳೆಯಬೇಕಾಗುತ್ತದೆ.

ಇನ್ನು ಪುಸ್ತಕದಲ್ಲಿರುವ 50,000. ಅದು ಹಿಂದೆಂದೋ ಮೂವರ ಬಂಡವಾಳ ಖಾತೆಗಳಿಗೆ ಜಮೆಯಾಗಿ ಕುಳಿತಿರುವ ಮೊತ್ತ. ಅದನ್ನು ಹಾಗೆಯೇ ಬಿಟ್ಟು ಹೊಸ ಗುಡ್‌ವಿಲ್‌ನ ಪೂರ್ತಿ ಪಾಲನ್ನು ನೀವು ಪಡೆದರೆ ಒಂದೇ ವಸ್ತುವಿಗೆ ಎರಡು ಬಾರಿ ಬೆಲೆ ಪಡೆದಂತಾಗುತ್ತದೆ. ಆದ್ದರಿಂದ ಹಳೆಯ ಗುಡ್‌ವಿಲ್ಲನ್ನು ಹಳೆಯ ಅನುಪಾತದಲ್ಲಿ ಮೂವರ ಖಾತೆಗೂ ಖರ್ಚು ಹಾಕಿ ಅಳಿಸಬೇಕು. ನಿಮ್ಮ ಖಾತೆಗೆ 15,000 ಖರ್ಚು ಬೀಳುತ್ತದೆ. ಇದು ಸರಿಯೇ ಎಂದು ಪರೀಕ್ಷಿಸುವುದು ಸುಲಭ. ಗುಡ್‌ವಿಲ್ ನಿಜವಾಗಿ ಹೆಚ್ಚಿದ್ದು 4,30,000. ಅದರ ಹತ್ತರಲ್ಲಿ ಮೂರು ಭಾಗ 1,29,000. 1,44,000ದಿಂದ 15,000 ಕಳೆದರೂ ಅಷ್ಟೇ ಉಳಿಯುತ್ತದೆ.

ಈಗ 6,00,000ಕ್ಕೆ 42,000, 30,000 ಮತ್ತು 1,44,000 ಕೂಡಿಸಿ 15,000 ಕಳೆದರೆ ಮೇಲೆ ಹೇಳಿದ 8,01,000 ಬರುತ್ತದೆ. ಆ 6,00,000ದಲ್ಲಿ ಈ ವರ್ಷದ ಲಾಭದ ಪಾಲು ಸೇರಿ, ನಿಮ್ಮ ಹಣ ಹಿಂತೆಗೆತ ಕಳೆದಿದೆ ಎಂಬುದನ್ನು ಲೆಕ್ಕಪತ್ರದಲ್ಲಿ ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ನಿವೃತ್ತಿ ವರ್ಷದ ನಡುವೆ ಆಗಿದ್ದರೆ ಅಲ್ಲಿಯವರೆಗಿನ ಲಾಭವನ್ನು ಬೇರೆಯಾಗಿ ಲೆಕ್ಕ ಹಾಕಬೇಕಾಗುತ್ತಿತ್ತು.

ನಿಮ್ಮ 1,44,000ವನ್ನು ಭರಿಸುವವರು ಯಾರು ಎಂಬುದನ್ನು ನೀವು ಕೇಳಿಲ್ಲ, ಆದರೆ ಉಳಿದಿಬ್ಬರು ಕೇಳಿಯೇ ಕೇಳುತ್ತಾರೆ. ಅದನ್ನು ಭರಿಸಬೇಕಾದವರು ನಿಮ್ಮ ಪಾಲನ್ನು ಪಡೆದುಕೊಳ್ಳುವವರು, ಅದೂ ಪಡೆದುಕೊಂಡ ಪ್ರಮಾಣದಲ್ಲಿ. ಹೊಸ ಅನುಪಾತದಲ್ಲಿ ದೊಡ್ಡ ಪಾಲುದಾರರು ಹತ್ತರಲ್ಲಿ ಐದರಿಂದ ಆರಕ್ಕೆ ಏರುತ್ತಾರೆ, ಚಿಕ್ಕವರು ಎರಡರಿಂದ ನಾಲ್ಕಕ್ಕೆ. ಹೀಗೆ ಗಳಿಕೆಯ ಅನುಪಾತ 1:2 ಆಗಿ, ದೊಡ್ಡವರ ಖಾತೆಗೆ 48,000, ಚಿಕ್ಕವರ ಖಾತೆಗೆ 96,000 ಖರ್ಚು ಬೀಳುತ್ತದೆ. ಇದನ್ನು 5:2 ಎಂದೋ 3:2 ಎಂದೋ ಹಂಚಿಬಿಡುವುದು ತೀರಾ ಸಾಮಾನ್ಯವಾದ ತಪ್ಪು, ಮತ್ತು ಅಢಾವೆ ಪತ್ರಿಕೆ ಆಗಲೂ ಸರಿಯಾಗಿಯೇ ತಾಳೆಯಾಗುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತಾಳೆಯಾದದ್ದನ್ನು ಪುರಾವೆಯೆಂದು ನಂಬದೆ, ಪ್ರತಿಯೊಬ್ಬರೂ ಗುಡ್‌ವಿಲ್‌ನಲ್ಲಿ ತಾವು ಹೆಚ್ಚಾಗಿ ಪಡೆದ ಭಾಗಕ್ಕೆ ಮಾತ್ರ ಬೆಲೆ ಕೊಟ್ಟಿದ್ದಾರೆಯೇ ಎಂದು ನೋಡಬೇಕು.

ಪುಸ್ತಕದಲ್ಲಿ ಕಟ್ಟಡದ ಬೆಲೆ ಏರಿಸಲು ಅವರಿಗೆ ಇಷ್ಟವಿಲ್ಲ ಎಂದರೂ ನಿಮ್ಮ ಹಕ್ಕಿಗೆ ಕುಂದಿಲ್ಲ. ಆಸ್ತಿ ಹೊಣೆಗಳನ್ನೆಲ್ಲ ಹಳೆಯ ಬೆಲೆಯಲ್ಲೇ ಉಳಿಸಿ, ನಿಮಗೆ ಸಲ್ಲುವ 42,000ವನ್ನು ಅದೇ 1:2ರಲ್ಲಿ, ಅಂದರೆ 14,000 ಮತ್ತು 28,000ದಂತೆ, ಅವರ ಬಂಡವಾಳ ಖಾತೆಗಳಿಂದ ನಿಮ್ಮ ಖಾತೆಗೆ ವರ್ಗಾಯಿಸಿದರಾಯಿತು. ಮುಂದೆ ಆ 1,40,000ದ ಲಾಭ ನಿಜವಾಗಿ ಕೈಗೆ ಬಂದು 3:2ರಂತೆ 84,000 ಮತ್ತು 56,000 ಹಂಚಿಕೆಯಾದಾಗ, ಈಗ ಕೊಟ್ಟದ್ದನ್ನು ಕಳೆದರೆ ಅವರಿಗೆ 70,000 ಮತ್ತು 28,000 ಉಳಿಯುತ್ತದೆ. ಅದು ಸರಿಯಾಗಿ ಅವರ ಹಳೆಯ ಪಾಲು. ಈ ಒಂದು ಅಂಕಿಯನ್ನು ಅವರ ಮುಂದಿಟ್ಟರೆ, ಮಾರದ ಕಟ್ಟಡಕ್ಕೆ ತಾವು ಕೈಯಿಂದ ಹಣ ಕೊಡುತ್ತಿದ್ದೇವೆ ಎಂಬ ಅವರ ಅಸಮಾಧಾನ ಕರಗಬಹುದು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತಿಗೆ ತೂಕವಿದೆ. ಗುಡ್‌ವಿಲ್ಲಾಗಲಿ ಏರಿದ ಬೆಲೆಯಾಗಲಿ ಸಂಸ್ಥೆಯ ಕೈಯಲ್ಲಿರುವ ನಗದಲ್ಲ. 8,01,000ವನ್ನು ಒಂದೇ ಸಲ ಹೊರತೆಗೆದರೆ ದೈನಂದಿನ ವ್ಯವಹಾರಕ್ಕೆ ಹಣ ಸಾಲದಾಗಬಹುದು. ಒಂದು ಭಾಗವನ್ನು ಕೂಡಲೇ ಪಡೆದು, ಉಳಿದದ್ದನ್ನು ನಿಮ್ಮ ಹೆಸರಿನ ಸಾಲದ ಖಾತೆಗೆ ವರ್ಗಾಯಿಸಲು ಒಪ್ಪಿಕೊಳ್ಳಿ. ಬಡ್ಡಿಯ ದರ, ಕಂತಿನ ದಿನ, ಕಂತು ತಪ್ಪಿದರೆ ಏನು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಕಿ ಮೊತ್ತ ಅಢಾವೆ ಪತ್ರಿಕೆಯಲ್ಲಿ ಬಂಡವಾಳದ ಕೆಳಗೆ ಬಾರದೆ ಹೊಣೆಗಳ ಸಾಲಿನಲ್ಲಿ ಕಾಣಿಸುವಂತೆ ನೋಡಿಕೊಳ್ಳಿ.

— ಸಂಪಾದಕ