ಒಣ ಮೀನು ನೆನೆಸುವ ಮುಂಚೆ ಬಗ್ಗಿಸಿ ನೋಡಿ

ಪ್ರಶ್ನೆ: ರಾಯಚೂರಿಗೆ ಹೊಸದಾಗಿ ಬಂದಿದ್ದೇನೆ. ಸಂತೆಯಿಂದ ಒಣ ಮೀನು ತಂದು ಹತ್ತು ನಿಮಿಷ ನೆನೆಸಿ ಸಾರು ಮಾಡಿದೆ, ಉಪ್ಪು ತಡೆಯೋಕೆ ಆಗಲಿಲ್ಲ. ಮುಂದಿನ ವಾರ ಬೇರೆ ಮೀನು ತಂದು ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಮೆತ್ತಗಾಗಿ ವಾಸನೆ ಹಿಡಿದಿತ್ತು. ಸರಿಯಾಗಿ ಎಷ್ಟು ಹೊತ್ತು ನೆನೆಸಬೇಕು?

ನೀವು ಎರಡು ಸಲ ತಂದಿದ್ದು ಎರಡು ಜಾತಿಯ ಒಣ ಮೀನು. ಮೊದಲನೆಯದು ಉಪ್ಪು ಹಾಕಿ ಒಣಗಿಸಿದ್ದು, ಎರಡನೆಯದು ಬಹುಶಃ ಬರೀ ಬಿಸಿಲಿಗೆ ಒಣಗಿಸಿದ್ದು. ಮನೆಗೆ ತಂದ ಮೇಲೆ ಒಂದನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬರೀ ಬಿಸಿಲಿನದು ಹಗುರ ಇರುತ್ತದೆ, ಪಟ್ ಅಂತ ಮುರಿಯುತ್ತದೆ. ಉಪ್ಪಿನದು ಚರ್ಮದ ಹಾಗೆ ಬಾಗುತ್ತದೆ, ಮೈಮೇಲೆ ಬಿಳಿ ಪುಡಿ ಕಾಣುತ್ತದೆ.

ನನ್ನ ತವರು ಕಂಪ್ಲಿ, ತುಂಗಭದ್ರೆಯ ದಂಡೆ. ಬೇಸಿಗೆಯಲ್ಲಿ ಅವ್ವ ಸಣ್ಣ ಮೀನನ್ನು ತೊಳೆದು ಬಿಸಿ ಬಂಡೆಯ ಮೇಲೆ ಹಾಸಿದ ಬಟ್ಟೆಗೆ ಹರವುತ್ತಿದ್ದಳು. ಸಂಜೆ ಎತ್ತಿ ಒಳಗಿಡೋದು, ಬೆಳಿಗ್ಗೆ ಮತ್ತೆ ಹರವೋದು. ಹಸಿ ಮೀನಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆ ನೀರು ಬೇಕೇ ಬೇಕು. ಮೀನು ತೆಳ್ಳಗಿದ್ದರೆ, ನಮ್ಮ ಕಡೆಯ ಒಣ ಬಿಸಿಲಿಗೆ, ಅದು ಕೊಳೆಯುವ ಮುಂಚೆಯೇ ನೀರು ಹೋಗಿಬಿಡುತ್ತದೆ.

ದಪ್ಪ ಮೀನಿಗೆ ಇದು ನಡೆಯಲ್ಲ. ಜೋರು ಬಿಸಿಲಿಗೆ ಮೇಲಿನ ಪದರ ಗಟ್ಟಿಯಾಗಿ, ಒಳಗಿನ ನೀರು ಹೊರಗೆ ಬರೋಕೆ ದಾರಿ ಸಿಗದೆ, ಒಳಗೊಳಗೇ ಕೊಳೆಯುತ್ತದೆ. ಅದಕ್ಕೇ ಅದನ್ನು ಸೀಳಿ, ಹೊಟ್ಟೆ ತೆಗೆದು, ಮೂರು ಕೆಜಿ ಮೀನಿಗೆ ಹೆಚ್ಚುಕಡಿಮೆ ಒಂದು ಕೆಜಿ ಕಲ್ಲುಪ್ಪು ಹಾಕಿ ಒತ್ತಿ ಇಡುತ್ತಾರೆ. ಉಪ್ಪು ಮೀನಿನ ನೀರನ್ನು ಹೊರಗೆ ಎಳೆಯುತ್ತದೆ, ತಾನು ಒಳಗೆ ಇಳಿಯುತ್ತದೆ. ಒಳಗೆ ಉಳಿದ ನೀರನ್ನೂ ಸೂಕ್ಷ್ಮಜೀವಿಗಳ ಕೈಗೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪಿನ ಮೀನು ಮೆತ್ತಗಿದ್ದರೂ ಕೆಡದೆ ಇರೋದು ಹಾಗೆ.

ಈಗ ನೆನೆಸೋದು. ಕಾಲು ಕೆಜಿ ಉಪ್ಪಿನ ಬಂಗುಡೆ ತಂದಿದ್ದೀರಿ ಅಂದುಕೊಳ್ಳಿ. ತಲೆ, ಬಾಲ, ರೆಕ್ಕೆ ತೆಗೆದು ಎರಡೆರಡು ತುಂಡು ಮಾಡಿ. ಮೇಲಿನ ಉಪ್ಪು ತೊಳೆದು, ಮೀನು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ. ಇಪ್ಪತ್ತು ನಿಮಿಷಕ್ಕೆ ಆ ನೀರು ಚೆಲ್ಲಿ ಹೊಸ ನೀರು ಹಾಕಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಬದಲಿಸಿ, ಇನ್ನೊಂದು ಅರ್ಧ ಗಂಟೆ ಬಿಡಿ. ಹೊತ್ತಿಗಿಂತ ನೀರು ಬದಲಿಸೋದೇ ಮುಖ್ಯ. ಮೀನಿನ ಉಪ್ಪೂ ನೀರಿನ ಉಪ್ಪೂ ಸಮ ಆದ ಮೇಲೆ ಮತ್ತೆ ಎಷ್ಟು ಹೊತ್ತು ಇಟ್ಟರೂ ಉಪ್ಪು ಇಳಿಯಲ್ಲ. ಕೊನೆಗೆ ಒಂದು ಚೂರನ್ನು ಹಂಚಿನ ಮೇಲೆ ಸುಟ್ಟು ತಿಂದು ನೋಡಿ. ಉಪ್ಪಿನಕಾಯಿಯಷ್ಟು ಉಪ್ಪಿದ್ದರೆ ಸಾರಿಗೆ ಸರಿ.

ರಾತ್ರಿಯಿಡೀ ಹೊರಗೆ ಇಡಲೇಬೇಡಿ. ಉಪ್ಪು ಹೋಗಿ ನೀರು ಸೇರಿದ ಮೇಲೆ ಅದು ಹಸಿ ಮೀನೇ ಆಯ್ತಲ್ವಾ. ರಾಯಚೂರಿನ ಸೆಖೆಗೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ನಿಮಗೆ ಆಗಿದ್ದೂ ಇದೇ. ಬೇರೆ ದಾರಿ ಇಲ್ಲದಿದ್ದರೆ ಫ್ರಿಜ್‌ನಲ್ಲಿಡಿ.

ಸಣ್ಣ ಮೀನಿಗೆ ನೆನೆಸೋ ಕೆಲಸ ಜಾಸ್ತಿ ಇಲ್ಲ. ತಲೆ ಚಿವುಟಿ, ಎಣ್ಣೆ ಇಲ್ಲದೆ ಹಂಚಿನ ಮೇಲೆ ಘಮ ಬರುವ ತನಕ ಹುರಿಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಸಾಕು. ಕೈಯಿಂದ ಮೇಲಕ್ಕೆ ಎತ್ತಿಕೊಳ್ಳಿ, ಪಾತ್ರೆ ಬಗ್ಗಿಸಿ ಸೋಸಬೇಡಿ. ತಳದಲ್ಲಿ ಮರಳು ಕೂತಿರುತ್ತದೆ.

ಸಾರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಟೊಮೆಟೊ ಹುರಿದು, ಖಾರದ ಪುಡಿ, ಅರಿಶಿನ, ಬದನೆಕಾಯಿ ಹಾಕಿ. ಬದನೆ ಮುಕ್ಕಾಲು ಬೆಂದಾಗ ಹುಣಸೆ ರಸ, ಆಮೇಲೆ ಮೀನು. ಮೀನು ಹಾಕಿದ ಮೇಲೆ ಹತ್ತು ನಿಮಿಷ ಸಣ್ಣ ಉರಿ ಸಾಕು, ಜಾಸ್ತಿ ಕೆದಕಿದರೆ ಪುಡಿಯಾಗುತ್ತದೆ. ಉಪ್ಪು ಕೊನೆಗೆ, ಅದೂ ರುಚಿ ನೋಡಿದ ಮೇಲೆ. ಬದನೆಕಾಯಿ ಸುಮ್ನೆ ಅಲ್ಲ, ಮೀನು ಬಿಟ್ಟ ಉಪ್ಪನ್ನು ಅದೇ ಹೀರಿಕೊಳ್ಳುತ್ತದೆ. ಜೋಳದ ರೊಟ್ಟಿ ಜೊತೆ ತಿನ್ನಿ. ತಿನ್ನುವಾಗ ನಾಲಿಗೆ ಮೆಣಸು ಕಡಿದ ಹಾಗೆ ಚುರುಗುಟ್ಟಿದರೆ ಅಥವಾ ಮುಖ ಕೆಂಪೇರಿ ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಬಂಗುಡೆ ಉಪ್ಪು ಹಾಕುವ ಮುಂಚೆಯೇ ಕೆಟ್ಟಿದ್ದರೆ ಹಾಗಾಗುತ್ತದೆ, ಕುದಿಸಿದರೂ ಆ ದೋಷ ಹೋಗಲ್ಲ.

ಮಳೆಗಾಲಕ್ಕೆ ಅಂತ ಕೂಡಿಡುವುದಾದರೆ ಒಂದು ಮಾತು. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಹೀರುತ್ತದೆ. ಒಂದು ಶ್ರಾವಣದಲ್ಲಿ ನಾನು ಬಟ್ಟೆ ಚೀಲದಲ್ಲಿ ಕಟ್ಟಿಟ್ಟಿದ್ದ ಮೀನು ಒದ್ದೆಯಾಗಿ, ಮೈಮೇಲೆ ತಿಳಿ ಗುಲಾಬಿ ಬಣ್ಣದ ಲೋಳೆ ಬಂದಿತ್ತು. ಅದು ಉಪ್ಪಿನಲ್ಲೇ ಬದುಕುವ ಜೀವಿಗಳ ಬಣ್ಣ. ತೊಳೆದು ಉಳಿಸೋಕೆ ಹೋಗದೆ ಎಲ್ಲಾ ಎಸೆದೆ. ಈಗ ಮೇ ತಿಂಗಳಲ್ಲೇ ಮತ್ತೊಮ್ಮೆ ಬಿಸಿಲಿಗೆ ಇಟ್ಟು, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತೇನೆ.